43 ಸೆಕೆಂಡು ಕಡಿದ ಸಂಪರ್ಕ

2018ರ ಅಕ್ಟೋಬರ್ 22, ಸೋಮವಾರ. ನಮ್ಮಲ್ಲಿ ಬೆಳಗಿನ ಜಾವ 4 ಗಂಟೆ 22 ನಿಮಿಷವಾಗಿದ್ದಾಗ ಅಮೆರಿಕದ ಪೂರ್ವ ಕರಾವಳಿಯಲ್ಲಿ ಇನ್ನೂ ಭಾನುವಾರ ಸಂಜೆ. ಜಗತ್ತಿನ ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಹಬ್ ಸಂಸ್ಥೆಯಲ್ಲಿ ಒಂದು ಮಾಮೂಲಿ ರಿಪೇರಿ ನಡೆದಿತ್ತು. ಹಾಳಾಗುತ್ತಿದ್ದ ಒಂದು ಆಪ್ಟಿಕಲ್ ಉಪಕರಣವನ್ನು ಬದಲಿಸುವಾಗ, ಪೂರ್ವ ಕರಾವಳಿಯ ನೆಟ್‌ವರ್ಕ್ ಕೇಂದ್ರಕ್ಕೂ ಅಲ್ಲಿನ ಮುಖ್ಯ ಡೇಟಾ ಸೆಂಟರಿಗೂ ನಡುವಿನ ಸಂಪರ್ಕ ಕಡಿಯಿತು. 43 ಸೆಕೆಂಡಿನಲ್ಲಿ ಅದು ಮತ್ತೆ ಕೂಡಿಕೊಂಡಿತು. ಆದರೆ ಗಿಟ್‌ಹಬ್ ಪೂರ್ತಿ ಸುಧಾರಿಸಿಕೊಳ್ಳಲು ಹಿಡಿದದ್ದು 24 ಗಂಟೆ 11 ನಿಮಿಷ. ಬೆಂಗಳೂರಿನ ಐಟಿ ಕಚೇರಿಗಳಿಗೆ ಆ ಸೋಮವಾರ ಇಡೀ ದಿನ ಗಿಟ್‌ಹಬ್ ಕುಂಟುತ್ತಲೇ ಇತ್ತು.

ಮುಕ್ಕಾಲು ನಿಮಿಷವೂ ಆಗದ ಅಡಚಣೆಗೆ ಒಂದು ದಿನದ ದಂಡ ಏಕೆ? ಉತ್ತರ ಇರುವುದು ಕಂಪ್ಯೂಟರ್ ವಿಜ್ಞಾನದ ಕ್ಯಾಪ್ ಪ್ರಮೇಯದಲ್ಲಿ ಮತ್ತು ಆ ಪ್ರಮೇಯ ಬಾಯಿ ಬಿಡದ ಒಂದು ಜಾಗದಲ್ಲಿ.

ಬರ್ಕ್ಲಿಯ ಪ್ರಾಧ್ಯಾಪಕ ಎರಿಕ್ ಬ್ರೂವರ್ 2000ದಲ್ಲಿ ಒಂದು ಸಮ್ಮೇಳನದ ಭಾಷಣದಲ್ಲಿ ಇದನ್ನು ಊಹೆಯಾಗಿ ಮುಂದಿಟ್ಟರು. 2002ರಲ್ಲಿ ಎಂಐಟಿಯ ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಅದನ್ನು ಸಾಧಿಸಿ ತೋರಿಸಿದರು. ಕನ್ಸಿಸ್ಟೆನ್ಸಿ, ಅವೈಲೆಬಿಲಿಟಿ, ಪಾರ್ಟಿಷನ್ ತಾಳಿಕೆ – ಈ ಮೂರರಲ್ಲಿ ಯಾವುದಾದರೂ ಎರಡನ್ನು ಆರಿಸಿಕೊಳ್ಳಿ ಎಂಬ ರೂಪದಲ್ಲಿ ಇದು ಊರೆಲ್ಲ ಹಬ್ಬಿತು. ಸಂದರ್ಶನಗಳಲ್ಲಿ ಇವತ್ತಿಗೂ ಕೇಳುವುದು ಇದನ್ನೇ. ನೆನಪಿಡಲು ಸುಲಭ, ಆದರೆ ದಾರಿ ತಪ್ಪಿಸುತ್ತದೆ. ಏಕೆಂದರೆ ಪಾರ್ಟಿಷನ್, ಅಂದರೆ ಸರ್ವರ್‌ಗಳ ನಡುವೆ ಮಾತುಕತೆ ಕಡಿಯುವುದು, ನಾವು ಬೇಕು ಬೇಡ ಎನ್ನುವ ವಿಷಯವಲ್ಲ. ಕೇಬಲ್ ತುಂಡಾಗುತ್ತದೆ, ಉಪಕರಣ ಕೈಕೊಡುತ್ತದೆ. ಆಯ್ಕೆ ಏನಿದ್ದರೂ ಆಮೇಲಿನದು.

ಪ್ರಮೇಯದ ಸಾಧನೆ ಅಚ್ಚರಿಪಡುವಷ್ಟು ಚಿಕ್ಕದು. ಎರಡು ಸರ್ವರ್‌ಗಳಿವೆ, ಒಂದು ಪೂರ್ವದಲ್ಲಿ, ಒಂದು ಪಶ್ಚಿಮದಲ್ಲಿ. ಎರಡರಲ್ಲೂ ಒಂದೇ ಮಾಹಿತಿ: ‘ಬಾಕಿ 500 ರೂಪಾಯಿ’. ನಡುವಿನ ಸಂಪರ್ಕ ಕಡಿಯಿತು. ಈಗ ಒಬ್ಬರು ಪೂರ್ವದ ಸರ್ವರ್‌ಗೆ ಬಂದು 500 ರೂಪಾಯಿ ತೆಗೆದರು. ಅದು ‘ಬಾಕಿ 0’ ಎಂದು ಬರೆದುಕೊಂಡು ‘ಆಯಿತು’ ಎಂದಿತು. ಮರುಕ್ಷಣ ಇನ್ನೊಬ್ಬರು ಪಶ್ಚಿಮದ ಸರ್ವರ್‌ಗೆ ಬಾಕಿ ಎಷ್ಟೆಂದು ಕೇಳಿದರು. ಸುದ್ದಿ ಅಲ್ಲಿಗೆ ಮುಟ್ಟಿಲ್ಲ, ಮುಟ್ಟುವ ದಾರಿಯೂ ಇಲ್ಲ. ಅದು ಉತ್ತರ ಕೊಟ್ಟರೆ ‘500’ ಎನ್ನುತ್ತದೆ, ಅದು ಸುಳ್ಳು. ಸುಳ್ಳು ಹೇಳಬಾರದೆಂದರೆ ಸುಮ್ಮನಿರಬೇಕು. ಪೂರ್ವದ ಸರ್ವರ್ ಮೊದಲೇ ‘ಈಗ ಆಗುವುದಿಲ್ಲ’ ಎಂದಿದ್ದರೂ ನಡೆಯುತ್ತಿತ್ತು. ಒಟ್ಟಿನಲ್ಲಿ ಇಬ್ಬರಲ್ಲಿ ಒಬ್ಬರಾದರೂ ಸುಮ್ಮನಿರಬೇಕು, ಇಲ್ಲವೇ ತಪ್ಪು ಉತ್ತರದ ಅಪಾಯ ಒಪ್ಪಿಕೊಳ್ಳಬೇಕು. ಎಷ್ಟೇ ಜಾಣ ಪ್ರೋಗ್ರಾಂ ಬರೆದರೂ ಈ ಇಕ್ಕಟ್ಟಿನಿಂದ ನುಣುಚಿಕೊಳ್ಳಲಾಗದು, ಏಕೆಂದರೆ ಪಶ್ಚಿಮದ ಸರ್ವರ್‌ನ ಕಣ್ಣಿಗೆ, ಪೂರ್ವದಲ್ಲಿ ಏನೂ ನಡೆದಿಲ್ಲದ ಲೋಕವೂ ಹಣ ಹೋಗಿರುವ ಲೋಕವೂ ಒಂದೇ ಥರ ಕಾಣುತ್ತವೆ.

ಇಲ್ಲಿ ಬಳಸಿರುವ ಎರಡು ಷರತ್ತುಗಳೂ ಬಹಳ ಕಟ್ಟುನಿಟ್ಟಿನವು. ಕನ್ಸಿಸ್ಟೆನ್ಸಿ ಎಂದರೆ ಒಂದು ಬರಹ ಮುಗಿಯಿತು ಎಂದ ಮೇಲೆ ಯಾವ ಮೂಲೆಯಿಂದ ಯಾರು ಓದಿದರೂ ಅದೇ ಹೊಸ ಬೆಲೆ ಸಿಗಬೇಕು, ಇರುವುದು ಒಂದೇ ಪ್ರತಿಯೇನೋ ಎಂಬಂತೆ. ಅವೈಲೆಬಿಲಿಟಿ ಎಂದರೆ ಕೆಟ್ಟುನಿಲ್ಲದ ಪ್ರತಿಯೊಂದು ಸರ್ವರ್ ಕೂಡ ತನಗೆ ಬಂದ ಪ್ರತಿ ಕೋರಿಕೆಗೂ ಉತ್ತರ ಕೊಡಲೇಬೇಕು. ಮೂರು ಸರ್ವರ್‌ಗಳಲ್ಲಿ ಬಹುಮತ ಇರುವ ಎರಡು ಮಾತ್ರ ಕೆಲಸ ಮಾಡಿ, ಒಂಟಿಯಾದದ್ದು ಬಾಗಿಲು ಹಾಕಿಕೊಳ್ಳುವ ಏರ್ಪಾಡು ಲೆಕ್ಕಕ್ಕೆ ಅವೈಲೆಬಲ್ ಅಲ್ಲ. ಆದರೆ ಬಳಸುವ ಬಹುಪಾಲು ಜನರಿಗೆ ಅದರಿಂದ ಏನೂ ತೊಂದರೆಯಾಗದಿರಬಹುದು. ಹಾಗಾಗಿ ಒಂದು ಡೇಟಾಬೇಸಿಗೆ ‘ಸಿಪಿ’, ‘ಎಪಿ’ ಎಂದು ಚೀಟಿ ಅಂಟಿಸಿ ಕೈತೊಳೆದುಕೊಳ್ಳುವ ಅಭ್ಯಾಸ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಎರಡೂ ಅಲ್ಲದ ವ್ಯವಸ್ಥೆಗಳೂ ಧಾರಾಳವಾಗಿವೆ. ಗಿಟ್‌ಹಬ್‌ನದು ಅಂಥದೇ ಒಂದು.

ಕೋಡ್ ಅಲ್ಲದ ಉಳಿದ ವಿವರಗಳನ್ನು, ಅಂದರೆ ಯಾರು ಯಾವ ದೂರು ಬರೆದರು, ಏನು ಟಿಪ್ಪಣಿ ಹಾಕಿದರು ಎಂಬುದನ್ನು ಗಿಟ್‌ಹಬ್ ಮೈಎಸ್‌ಕ್ಯೂಎಲ್ ಡೇಟಾಬೇಸುಗಳಲ್ಲಿ ಇಡುತ್ತಿತ್ತು. ಬರೆಯುವುದು ಪೂರ್ವದ ಮುಖ್ಯ ಪ್ರತಿಗೆ, ಅಲ್ಲಿಂದ ನಕಲು ಪಶ್ಚಿಮಕ್ಕೆ ಹೋಗುತ್ತಿತ್ತು. ಆದರೆ ಪಶ್ಚಿಮಕ್ಕೆ ಮುಟ್ಟುವವರೆಗೆ ಪೂರ್ವದ ಪ್ರತಿ ಕಾಯುತ್ತಿರಲಿಲ್ಲ. ಬಳಕೆದಾರರಿಗೆ ‘ಆಯಿತು’ ಎಂದು ಮೊದಲೇ ಹೇಳಿಬಿಡುತ್ತಿತ್ತು. ಇದು ಸೋಮಾರಿತನವಲ್ಲ. ಎರಡು ಕರಾವಳಿಗಳ ನಡುವೆ ಹೋಗಿ ಬರಲು ಸುಮಾರು 60 ಮಿಲಿಸೆಕೆಂಡು ಬೇಕು, ಪ್ರತಿ ಬರಹವೂ ಅಷ್ಟು ಕಾದರೆ ತಾಣವೇ ನಿಧಾನವಾಗುತ್ತದೆ. ಕನ್ಸಿಸ್ಟೆನ್ಸಿಗೆ ಹೀಗೆ ಎಲ್ಲ ಸರಿಯಿದ್ದಾಗಲೂ ಬೆಲೆ ತೆರಬೇಕು ಎಂಬುದನ್ನು ಕ್ಯಾಪ್ ಹೇಳುವುದಿಲ್ಲ. ಸಂಶೋಧಕ ಡೇನಿಯಲ್ ಅಬಾಡಿ ಮುಂದೆ ಅದನ್ನು ಎತ್ತಿ ತೋರಿಸಿದರು.

ಸಂಪರ್ಕ ಕಡಿದಾಗ ಏನಾಯಿತು ನೋಡಿ. ಮುಖ್ಯ ಪ್ರತಿ ಸತ್ತರೆ ಇನ್ನೊಂದನ್ನು ಆ ಪಟ್ಟಕ್ಕೇರಿಸಲು ಆರ್ಕೆಸ್ಟ್ರೇಟರ್ ಎಂಬ ಸಾಫ್ಟ್‌ವೇರ್ ಕಾವಲಿಗಿತ್ತು. ಅದರ ಕಾವಲುಗಾರರು ಬೇರೆ ಬೇರೆ ಕಡೆ ಹರಡಿದ್ದರು. ಪೂರ್ವದ ಡೇಟಾ ಸೆಂಟರ್ ಉತ್ತರಿಸದಿದ್ದಾಗ, ಹೊರಗಿದ್ದವರು ತಮ್ಮಲ್ಲೇ ಬಹುಮತ ಕೂಡಿಸಿಕೊಂಡು ಪಶ್ಚಿಮದ ಪ್ರತಿಗಳನ್ನು ಮುಖ್ಯ ಎಂದು ಸಾರಿದರು. ಮತದಾನದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಪೂರ್ವದಲ್ಲಿ ಆ ಹೊತ್ತಿಗೆ ಬರೆದಾಗಿದ್ದ, ಪಶ್ಚಿಮಕ್ಕೆ ಇನ್ನೂ ಮುಟ್ಟದ ಕೆಲವು ಬರಹಗಳಿದ್ದವು. ಅತಿ ಹೆಚ್ಚು ಓಡಾಟದ ಡೇಟಾಬೇಸ್ ಸಮೂಹಗಳಲ್ಲಿ ಒಂದರಲ್ಲಿ ಅವು 954. ಸಂಪರ್ಕ ಮರಳಿದೊಡನೆ ಹೊಸ ಬರಹಗಳೆಲ್ಲ ಪಶ್ಚಿಮಕ್ಕೆ ಹರಿಯತೊಡಗಿದವು, ಅದೂ ಸುಮಾರು 40 ನಿಮಿಷ. ಈಗ ಪೂರ್ವದಲ್ಲಿರುವುದು ಪಶ್ಚಿಮದಲ್ಲಿಲ್ಲ, ಪಶ್ಚಿಮದಲ್ಲಿರುವುದು ಪೂರ್ವದಲ್ಲಿಲ್ಲ. ಯಾವುದನ್ನೂ ಒಂದರ ಮೇಲೊಂದು ಸುಮ್ಮನೆ ಸುರಿಯುವಂತಿಲ್ಲ.

ಎಂಜಿನಿಯರುಗಳು ಆಗ ಮಾಹಿತಿಯನ್ನೇ ಮುಂದಿಟ್ಟುಕೊಂಡರು. ತಾಣ ನಿಧಾನವಾದರೂ ಸರಿ, ಬಳಕೆದಾರರು ಬರೆದದ್ದು ಕಳೆಯಬಾರದು ಎಂದು ಕೆಲವು ಸೇವೆಗಳನ್ನು ತಾವೇ ನಿಲ್ಲಿಸಿದರು. ಪಶ್ಚಿಮದ 40 ನಿಮಿಷವನ್ನು ಬಿಟ್ಟುಕೊಡದೆ, ಪೂರ್ವದ ಪ್ರತಿಗಳನ್ನು ಹಳೆಯ ಬ್ಯಾಕಪ್‌ನಿಂದ ಮತ್ತೆ ಕಟ್ಟಿ ಪಶ್ಚಿಮದೊಂದಿಗೆ ಸರಿದೂಗಿಸಿದರು. ಟೆರಾಬೈಟುಗಟ್ಟಲೆ ಮಾಹಿತಿ ದೂರದ ಸಂಗ್ರಹದಿಂದ ಇಳಿದುಬರಬೇಕಿತ್ತು, ಗಂಟೆಗಳು ಉರುಳಿದ್ದು ಅಲ್ಲಿ. ಪೂರ್ವದಲ್ಲಿ ಉಳಿದಿದ್ದ ಬರಹಗಳ ದಾಖಲೆಯನ್ನು ಬೇರೆ ತೆಗೆದಿಟ್ಟು, ತಾನಾಗಿ ಸೇರಿಸಬಹುದಾದವು ಯಾವುವು, ಬಳಕೆದಾರರನ್ನು ಕೇಳಬೇಕಾದವು ಯಾವುವು ಎಂದು ವಿಂಗಡಿಸಲು ಕೂತರು.

ಈ ದುರಸ್ತಿಯ ಬಗ್ಗೆ ಪ್ರಮೇಯದಲ್ಲಿ ಒಂದು ಅಕ್ಷರವೂ ಇಲ್ಲ. ಬ್ರೂವರ್ ತಾವೇ 2012ರಲ್ಲಿ, ‘ಮೂರರಲ್ಲಿ ಎರಡು’ ಎಂಬುದು ತಪ್ಪು ಕಲ್ಪನೆ ಹುಟ್ಟಿಸಿತು ಎಂದು ಬರೆದು, ಸಂಪರ್ಕ ಕಡಿದದ್ದನ್ನು ಗುರುತಿಸುವುದು, ಆ ಅವಧಿಯಲ್ಲಿ ಏನೇನು ಬಿಡಬಹುದೆಂದು ಮೊದಲೇ ನಿರ್ಧರಿಸುವುದು, ಕೂಡಿದ ಮೇಲೆ ಸರಿಪಡಿಸುವುದು – ಇವೇ ನಿಜವಾದ ಕೆಲಸ ಎಂದರು. ಅವರು ಕೊಟ್ಟ ಉದಾಹರಣೆ ಎಟಿಎಂ. ಬ್ಯಾಂಕಿನ ಜೊತೆ ಸಂಪರ್ಕ ತಪ್ಪಿದ ಯಂತ್ರ ಪೂರ್ತಿ ಮುಚ್ಚಬೇಕಿಲ್ಲ, ಬೇಕಾಬಿಟ್ಟಿ ಹಣ ಕೊಡಬೇಕಾಗಿಯೂ ಇಲ್ಲ. ಸಣ್ಣ ಮಿತಿಯೊಳಗೆ ಹಣ ಕೊಟ್ಟು ಬರೆದಿಟ್ಟುಕೊಂಡು, ಆಮೇಲೆ ಖಾತೆ ಮೈನಸ್‌ಗೆ ಹೋದದ್ದು ಕಂಡರೆ ಶುಲ್ಕ ಹಾಕಿ ವಸೂಲಿ ಮಾಡಬಹುದು. ಹಣ ಜಮಾ ಮಾಡುವುದಕ್ಕೆ ಒಂದು ನಿಯಮ, ತೆಗೆಯುವುದಕ್ಕೆ ಇನ್ನೊಂದು. ಆಯ್ಕೆ ಇಡೀ ವ್ಯವಸ್ಥೆಗೆ ಒಂದೇ ಆಗಬೇಕೆಂದೇನಿಲ್ಲ.

ಆ ಘಟನೆಯ ನಂತರ ಗಿಟ್‌ಹಬ್ ಮಾಡಿದ ಮೊದಲ ಬದಲಾವಣೆಗಳಲ್ಲಿ ಒಂದು ಆರ್ಕೆಸ್ಟ್ರೇಟರ್‌ನ ಸೆಟ್ಟಿಂಗಿನಲ್ಲಿ: ಮುಖ್ಯ ಪ್ರತಿಯ ಪಟ್ಟ ಇನ್ನು ಒಂದು ಪ್ರದೇಶದಿಂದ ಇನ್ನೊಂದಕ್ಕೆ ತಾನಾಗಿ ದಾಟಬಾರದು. ಪೂರ್ವದ ಸಂಪರ್ಕ ಮತ್ತೆ ಹಾಗೆ 43 ಸೆಕೆಂಡು ಕಡಿದರೆ, ಬರೆಯಲು ಬಂದವರು ಆ 43 ಸೆಕೆಂಡು ಕಾಯಬೇಕಾಗಬಹುದು.