ಬಿಳಿ ಅಕ್ಷರ, ಕಿತ್ತಳೆ ಗುಂಡಿ

ಅಂಗಡಿಯ ಬೋರ್ಡಿನ ಕಿತ್ತಳೆ ಬಣ್ಣವನ್ನೇ ಆ್ಯಪಿನ ಗುಂಡಿಗೂ ಬಳಿದು, ಮೇಲೆ ಬಿಳಿ ಅಕ್ಷರದಲ್ಲಿ ‘ಹಣ ಪಾವತಿಸಿ’ ಎಂದು ಬರೆದರೆ ನೋಡಲು ಚೆಂದ. ದೃಷ್ಟಿ ಮಂದವಾದವರಿಗೆ ಮಾತ್ರ ಅಲ್ಲಿ ಕಾಣುವುದು ಬರೀ ಕಿತ್ತಳೆ ಪಟ್ಟಿ. ಎರಡು ಬಣ್ಣಗಳ ಹೊಳಪಿನ ಅಂತರವನ್ನು 1ರಿಂದ 21ರವರೆಗೆ ಅಳೆಯುತ್ತಾರೆ. ವೆಬ್ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು. `#FF9800` ಎಂಬ ಕಿತ್ತಳೆಯ ಮೇಲೆ ಬಿಳಿ ಇಟ್ಟರೆ ಸಿಗುವುದು ಸುಮಾರು 2.2.

ದಾರಿ ಎರಡಿವೆ. ಕಿತ್ತಳೆಯನ್ನು `#B45309`ರಷ್ಟು ಗಾಢಗೊಳಿಸಿದರೆ ಬಿಳಿ ಅಕ್ಷರಕ್ಕೆ 5 ದಾಟುತ್ತದೆ, ಆದರೆ ಬಣ್ಣ ಇಟ್ಟಿಗೆಯ ಕಡೆ ವಾಲಿ ಮಾಲೀಕರ ಮುಖ ಬಾಡುತ್ತದೆ. ಕಿತ್ತಳೆಯನ್ನು ಹಾಗೇ ಬಿಟ್ಟು ಅಕ್ಷರವನ್ನು ಕಪ್ಪಾಗಿಸಿದರೆ ಅಂತರ 9.7ಕ್ಕೇರುತ್ತದೆ. ನನ್ನ ಮತ ಇದಕ್ಕೇ.

ಅಂಕ ಗೆದ್ದರೂ ವರ್ಣಾಂಧತೆಯ ತೊಡಕು ಉಳಿಯುತ್ತದೆ. ತಪ್ಪಿಗೆ ಕೆಂಪು ಗೆರೆ, ಸರಿಗೆ ಹಸಿರು ಗೆರೆ ಎಂದಷ್ಟೇ ಇಟ್ಟರೆ, ಎರಡೂ ಬಿಳಿಯ ಮೇಲೆ ಸ್ಪಷ್ಟವಾಗಿದ್ದರೂ ಕೆಲವರಿಗೆ ಒಂದೇ ಕಂದು ಗೆರೆಯಂತೆ ತೋರುತ್ತವೆ. ಪಕ್ಕದಲ್ಲಿ ‘ಮೊಬೈಲ್ ಸಂಖ್ಯೆಯಲ್ಲಿ ಒಂದು ಅಂಕಿ ಕಡಿಮೆ ಇದೆ’ ಎಂದು ಬರೆದುಬಿಡಿ. ನಂತರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ತೆರೆಯನ್ನು ಕಪ್ಪು-ಬಿಳುಪು ಮಾಡಿ, ಯಾವುದು ತಪ್ಪು ಯಾವುದು ಸರಿ ಎಂದು ಗೊತ್ತಾಗುತ್ತದೆಯೇ ನೋಡಿ.