ಸೊಂಟ ಸಣ್ಣದಾದರೆ ಗೋಡೆ ಬಾಗುವುದೇಕೆ?

ಫೋಟೊದಲ್ಲಿನ ಆಕಾರಗಳನ್ನು ಬ್ರಷ್‌ನಿಂದ ತಳ್ಳಿ, ಎಳೆದು, ಕುಗ್ಗಿಸಿ, ಉಬ್ಬಿಸಿ ಬದಲಿಸುವ ಸಾಧನಕ್ಕೆ ಲಿಕ್ವಿಫೈ ಎಂದು ಹೆಸರು. 2000ದಲ್ಲಿ ಫೋಟೊಶಾಪ್‌ನ ಆರನೇ ಆವೃತ್ತಿಯೊಂದಿಗೆ ಬಂದ ಇದು ಈಗ ಮೊಬೈಲ್ ಆ್ಯಪ್‌ಗಳಲ್ಲಿ ‘ಸ್ಲಿಮ್’, ‘ರೀಶೇಪ್’ ಎಂಬಂಥ ಹೆಸರುಗಳಲ್ಲಿ ಎಲ್ಲರ ಕೈಗೂ ಸಿಗುತ್ತದೆ. ಸೊಂಟ, ತೋಳು, ತೊಡೆಗಳನ್ನು ತೆಳ್ಳಗೆ ಕಾಣಿಸಲು ಇದರ ಬಳಕೆ ಹೆಚ್ಚು. ಹೀಗೆ ತೆಳ್ಳಗಾದ ಸೊಂಟದ ಪಕ್ಕದಲ್ಲೇ ಎಷ್ಟೋ ಸಲ ಬಾಗಿಲ ಚೌಕಟ್ಟು ಬಿಲ್ಲಿನಂತೆ ಬಾಗಿರುತ್ತದೆ. ಅದು ಎಡಿಟ್ ಮಾಡಿದವರ ಅಜಾಗರೂಕತೆ ಮಾತ್ರವಲ್ಲ. ಸಾಧನ ಕೆಲಸ ಮಾಡುವ ರೀತಿಯಲ್ಲೇ ಅದರ ಕಾರಣವಿದೆ.

ಒಂದೇ ಹಾಳೆ

ಫೋಟೊ ನೋಡುವವರ ಕಣ್ಣಿಗೆ ವ್ಯಕ್ತಿ ಮುಂದೆ, ಗೋಡೆ ಹಿಂದೆ. ಸಾಧನಕ್ಕೆ ಈ ಹಿಂದುಮುಂದು ತಿಳಿಯದು. ಅದರ ಪಾಲಿಗೆ ಇಡೀ ಚಿತ್ರ ಬಣ್ಣದ ಚುಕ್ಕಿಗಳ, ಅಂದರೆ ಪಿಕ್ಸೆಲ್‌ಗಳ, ಒಂದೇ ಹಾಳೆ. ಸೀರೆಯ ಅಂಚಿನ ಕೊನೆಯ ಚುಕ್ಕಿಯೂ ಅದಕ್ಕೆ ತಾಗಿಕೊಂಡ ಗೋಡೆಯ ಮೊದಲ ಚುಕ್ಕಿಯೂ ಅಕ್ಕಪಕ್ಕದ ನೆರೆಯವರು. ರಬ್ಬರ್ ಹಾಳೆಯ ಮೇಲೆ ಚಿತ್ರ ಬರೆದು ಒಂದು ಕಡೆ ಬೆರಳಿಟ್ಟು ತಳ್ಳಿದರೆ ಸುತ್ತಲಿನ ಭಾಗವೂ ಜೊತೆಗೆ ಬರುತ್ತದಲ್ಲ, ಇಲ್ಲಿ ಆಗುವುದೂ ಅದೇ.

ಬೆರಳಿನ ಜಾಗದಲ್ಲಿ ಇರುವುದು ದುಂಡಗಿನ ಬ್ರಷ್. ಅದರ ನಡುವೆ ತಳ್ಳುವ ಬಲ ಪೂರ್ತಿ ಇರುತ್ತದೆ. ಅಂಚಿನ ಕಡೆಗೆ ಹೋದಂತೆ ಕಡಿಮೆಯಾಗಿ, ಅಂಚಿನಲ್ಲಿ ಸೊನ್ನೆಯಾಗುತ್ತದೆ. ಬಲ ಹೀಗೆ ಹಂತಹಂತವಾಗಿ ಇಳಿಯದಿದ್ದರೆ ಬ್ರಷ್ ಮುಗಿಯುವಲ್ಲಿ ಚಿತ್ರ ಹರಿದಂತೆ ಕಾಣುತ್ತಿತ್ತು. ದೇಹದ ಗೆರೆ ನಯವಾಗಿ ಬರಲು ಇದು ಬೇಕೇ ಬೇಕು. ಹಿನ್ನೆಲೆ ಬಾಗುವುದೂ ಇದರಿಂದಲೇ.

ಟೈಲ್ಸ್ ಗೋಡೆಯ ಮುಂದೆ

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಟೈಲ್ಸ್ ಹಾಕಿದ ಗೋಡೆಯ ಮುಂದೆ ಮಹಿಳೆಯೊಬ್ಬರು ನಿಂತ ಫೋಟೊ ಇದೆ ಎನ್ನೋಣ. ಬ್ರಷ್‌ನ ಅಗಲ 400 ಪಿಕ್ಸೆಲ್. ಅದರ ನಡುವನ್ನು ಸರಿಯಾಗಿ ಸೊಂಟದ ಅಂಚಿಗಿಟ್ಟು 30 ಪಿಕ್ಸೆಲ್ ಒಳಗೆ ತಳ್ಳಲಾಯಿತು. ಬ್ರಷ್‌ನ ಒಳಗೆ ದೇಹಕ್ಕೆ ಮೊದಲು 200 ಪಿಕ್ಸೆಲ್ ಜಾಗವಿತ್ತು. ಈಗ ಅದು 170ಕ್ಕೆ ಕುಗ್ಗಿತು. ಗೋಡೆಗೂ 200 ಪಿಕ್ಸೆಲ್ ಇತ್ತು. ಈಗ ಅದು 230 ಪಿಕ್ಸೆಲ್ ಜಾಗವನ್ನು ತುಂಬಬೇಕು. ದೇಹದ ಮರೆಯಲ್ಲಿದ್ದ ಗೋಡೆ ಹೇಗಿತ್ತು ಎಂಬುದು ಕ್ಯಾಮೆರಾಕ್ಕೆ ಕಂಡೇ ಇಲ್ಲ. ಹಾಗಾಗಿ ತೆರವಾದ ಜಾಗಕ್ಕೆ ಹೊಸ ಗೋಡೆ ಎಲ್ಲಿಂದಲೂ ಬರುವುದಿಲ್ಲ. ಇದ್ದ ಗೋಡೆಯೇ ಹಿಗ್ಗುತ್ತದೆ. 120 ಪಿಕ್ಸೆಲ್ ಅಗಲದ ಟೈಲ್ಸ್ ಸರಾಸರಿ ಲೆಕ್ಕದಲ್ಲಿ 138 ಪಿಕ್ಸೆಲ್ ಆಗುತ್ತದೆ.

ಈಗ ಟೈಲ್ಸ್ ನಡುವಿನ ಗೆರೆಗಳನ್ನು ನೋಡಬೇಕು. ಸೊಂಟದಿಂದ 60 ಪಿಕ್ಸೆಲ್ ಆಚೆಗೆ ಒಂದು ನೇರ ಲಂಬ ಗೆರೆ ಇದೆ. ಸೊಂಟದ ಮಟ್ಟದಲ್ಲಿ ಅದು ಸುಮಾರು 20 ಪಿಕ್ಸೆಲ್ ದೇಹದ ಕಡೆಗೆ ಸರಿಯುತ್ತದೆ. ಮೇಲಕ್ಕೆ ಎದೆಯತ್ತ, ಕೆಳಕ್ಕೆ ತೊಡೆಯತ್ತ ಹೋದಂತೆ ಸರಿದದ್ದು ಕಡಿಮೆಯಾಗಿ, ಬ್ರಷ್ ಮುಗಿದಲ್ಲಿ ಗೆರೆ ತನ್ನ ಮೊದಲಿನ ಜಾಗದಲ್ಲೇ ಇರುತ್ತದೆ. ನೇರವಾಗಿದ್ದ ಗೆರೆಗೆ ಹೊಟ್ಟೆ ಬಂದಂತಾಗುತ್ತದೆ. ಸೊಂಟದ ಮಟ್ಟದಲ್ಲೇ ಹಾದುಹೋಗುವ ಅಡ್ಡ ಗೆರೆಗೆ ಮಾತ್ರ ಏನೂ ಆದಂತೆ ಕಾಣುವುದಿಲ್ಲ. ತಳ್ಳಿದ ದಿಕ್ಕೂ ಗೆರೆಯ ದಿಕ್ಕೂ ಒಂದೇ ಆದ್ದರಿಂದ ಅದು ತನ್ನ ಹಾದಿಯಲ್ಲೇ ಜಾರುತ್ತದೆ. ಆದ್ದರಿಂದ ಸೊಂಟವನ್ನು ಅನುಮಾನಿಸುವವರು ಪಕ್ಕದ ಲಂಬ ಗೆರೆಗಳನ್ನು ನೋಡಬೇಕು: ಬಾಗಿಲ ಚೌಕಟ್ಟು, ಕಂಬ, ಕಿಟಕಿಯ ಸರಳು. ಭುಜ ತಗ್ಗಿಸಿದ್ದರೆ, ಹಿಂಭಾಗವನ್ನು ಎತ್ತಿದ್ದರೆ ಅಡ್ಡ ಗೆರೆಗಳನ್ನು ನೋಡಬೇಕು: ಮೆಟ್ಟಿಲು, ಕಟ್ಟೆ, ಸಮುದ್ರದ ದಿಗಂತ.

ಬಾಗಿದ ದಿಕ್ಕು ಕೂಡ ಸುಳಿವೇ. ತೆಳ್ಳಗೆ ಮಾಡಿದ್ದರೆ ಗೆರೆ ದೇಹದ ಕಡೆಗೆ ವಾಲುತ್ತದೆ. ತೋಳಿನ ಸ್ನಾಯು ಉಬ್ಬಿಸಿದ್ದರೆ ದೇಹದಿಂದ ಆಚೆಗೆ ಸರಿಯುತ್ತದೆ.

ಗೆರೆಗಳಿಲ್ಲದ ಕಡೆ

ಗೋಡೆ ಬರಿದಾಗಿದ್ದರೆ ದೇಹದ ಮೇಲೆ ಮತ್ತು ಅದರ ಸುತ್ತ ಇರುವ ವಸ್ತುಗಳು ಸಾಕ್ಷಿ ಹೇಳುತ್ತವೆ. ಸೊಂಟದ ಮೇಲೆ ಇಟ್ಟ ಕೈಯ ಬಳೆಗಳಲ್ಲಿ ಒಂದೆರಡು ಮಾತ್ರ ಸೊಟ್ಟಗಿರಬಹುದು. ಚೌಕಳಿ ಸೀರೆಯಲ್ಲಿ ಮೈಯ ನಡುವಿನ ಚೌಕಗಳು ಅಗಲವಾಗಿದ್ದು, ಅಂಚಿನ ಚೌಕಗಳು ಇದ್ದಕ್ಕಿದ್ದಂತೆ ಇಕ್ಕಟ್ಟಾಗಬಹುದು. ದುಂಡಗಿನ ಮೈಯಲ್ಲಿ ಅಂಚಿನ ಕಡೆ ಚೌಕಗಳು ಸಹಜವಾಗಿಯೇ ಕಿರಿದಾಗುತ್ತವೆ. ಆದರೆ ಆ ಕಿರಿದಾಗುವಿಕೆ ಮೇಲಿನಿಂದ ಕೆಳಗೆ ಒಂದೇ ಲಯದಲ್ಲಿ ಇರುತ್ತದೆ, ಒಂದೇ ಜಾಗದಲ್ಲಿ ಅಲ್ಲ. ನೆರಳು ಮತ್ತು ಕನ್ನಡಿಯ ಪ್ರತಿಬಿಂಬಗಳನ್ನು ಎಡಿಟ್ ಮಾಡುವವರು ಮರೆಯುವುದುಂಟು. ಆಗ ದೇಹ ಸಣ್ಣದಾಗಿದ್ದರೂ ಗೋಡೆಯ ಮೇಲಿನ ನೆರಳಿಗೆ ಹಳೆಯ ಸೊಂಟವೇ ಇರುತ್ತದೆ.

ಚಿತ್ರವನ್ನು ದೊಡ್ಡದಾಗಿಸಿದಾಗ ಇನ್ನೊಂದು ಗುರುತು ಸಿಗುತ್ತದೆ. ಹಿಗ್ಗಿದ ಜಾಗದಲ್ಲಿ ಹೊಸ ಚುಕ್ಕಿಗಳ ಬಣ್ಣವನ್ನು ಸಾಧನ ಅಕ್ಕಪಕ್ಕದ ಹಳೆಯ ಚುಕ್ಕಿಗಳಿಂದ ಬೆರೆಸಿ ಕೊಡುತ್ತದೆ. ಅದರಿಂದ ಅಲ್ಲಿನ ಗಾರೆಯ ತರಿ, ಹುಲ್ಲಿನ ಎಸಳು ಸವರಿದಂತೆ ಮಸುಕಾಗುತ್ತವೆ.

ಸುಳ್ಳು ಅನುಮಾನಗಳು

ಬಾಗಿದ ಗೆರೆಗಳೆಲ್ಲ ಎಡಿಟ್‌ನ ಗುರುತಲ್ಲ. ಅಗಲ ನೋಟದ ಲೆನ್ಸ್ ನೇರ ಗೆರೆಗಳನ್ನು ತಾನೇ ಬಾಗಿಸುತ್ತದೆ. ಆದರೆ ಅಲ್ಲಿ ಗೆರೆ ಉದ್ದಕ್ಕೂ ನಿಧಾನವಾಗಿ ಬಾಗುತ್ತದೆ, ಫ್ರೇಮಿನ ಅಂಚುಗಳಲ್ಲಿ ಹೆಚ್ಚು, ನಡುವೆ ಕಡಿಮೆ. ವ್ಯಕ್ತಿ ಎಲ್ಲಿ ನಿಂತಿದ್ದಾರೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಲಿಕ್ವಿಫೈ ಮಾಡಿದ ಬಾಗು ದೇಹಕ್ಕೆ ಅಂಟಿಕೊಂಡಿರುತ್ತದೆ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಗೆರೆ ಮತ್ತೆ ನೆಟ್ಟಗಾಗುತ್ತದೆ. ಅನುಮಾನವಿದ್ದಲ್ಲಿ ಪರದೆಯ ಮೇಲೆ ಗೆರೆಯ ಗುಂಟ ಕಾಗದದ ನೇರ ಅಂಚನ್ನು ಹಿಡಿದು ನೋಡಿದರೆ ಸಾಕು. ಹಳೆಯ ಮನೆಯ ಗೋಡೆಯೇ ಉಬ್ಬಿರಬಹುದು, ಪರದೆಯ ಬಟ್ಟೆ ಗಾಳಿಗೆ ಅಲುಗಿರಬಹುದು. ಆದ್ದರಿಂದ ಒಂದೇ ಗುರುತನ್ನು ನಂಬದೆ, ಒಂದೇ ಜಾಗದಲ್ಲಿ ಎರಡು ಮೂರು ಗುರುತು ಸೇರುತ್ತವೆಯೇ ಎಂದು ನೋಡುವುದು ಸರಿ.

ಗುರುತು ಉಳಿಯದ ಎಡಿಟ್

ನುರಿತವರು ಹಿನ್ನೆಲೆಯನ್ನು ಬೇರೆ ರೀತಿಯಲ್ಲಿ ಕಾಪಾಡುತ್ತಾರೆ. ವ್ಯಕ್ತಿಯನ್ನು ಕತ್ತರಿಸಿ ಬೇರೆ ಲೇಯರ್‌ಗೆ ಹಾಕುತ್ತಾರೆ. ಅವರ ಹಿಂದಿನ ಖಾಲಿ ಜಾಗವನ್ನು ಸುತ್ತಲಿನ ಗೋಡೆಯನ್ನೇ ನಕಲು ಮಾಡಿ ತುಂಬುತ್ತಾರೆ. ಆಮೇಲೆ ಮೇಲಿನ ಲೇಯರನ್ನಷ್ಟೇ ತಳ್ಳುತ್ತಾರೆ. ಆಗ ಒಂದು ಗೆರೆಯೂ ಬಾಗುವುದಿಲ್ಲ. ಉಳಿದರೆ ಉಳಿಯುವುದು ಒಂದೇ ಕಲೆ ಎರಡು ಕಡೆ ಕಾಣುವುದು, ದೇಹದ ಅಂಚು ಕತ್ತರಿಸಿ ಅಂಟಿಸಿದಷ್ಟು ಚೂಪಾಗಿರುವುದು ಮುಂತಾದ ಸಣ್ಣ ಗುರುತುಗಳು. ಹಿನ್ನೆಲೆ ಬರೀ ಆಕಾಶವೋ ಪೂರ್ತಿ ಮಸುಕೋ ಆಗಿದ್ದರೆ ಅವೂ ಇರುವುದಿಲ್ಲ.

ಕಣ್ಣಿಗೆ ಸಿಗದ ಇಂಥ ಎಡಿಟ್‌ಗಳನ್ನು ಮಾಡಿದವರೇ ಹೇಳಬೇಕು ಎಂಬುದು ಕೆಲವು ದೇಶಗಳ ಕಾನೂನು. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್ 1ರಿಂದ, ಮಾಡೆಲ್‌ಗಳ ಮೈಕಟ್ಟನ್ನು ತಿದ್ದಿದ ಜಾಹೀರಾತು ಚಿತ್ರಗಳ ಮೇಲೆ ‘ತಿದ್ದಿದ ಫೋಟೊ’ ಎಂದು ಬರೆಯಬೇಕು. ತಪ್ಪಿದರೆ 37,500 ಯೂರೋವರೆಗೆ ದಂಡವಿದೆ. ನಾರ್ವೆಯಲ್ಲಿ 2022ರ ಜುಲೈ 1ರಿಂದ ದೇಹದ ಆಕಾರ, ಗಾತ್ರ ಅಥವಾ ಚರ್ಮವನ್ನು ತಿದ್ದಿದ ಜಾಹೀರಾತುಗಳಿಗೆ ಗುರುತು ಕಡ್ಡಾಯ. ಹಣ ಪಡೆದು ಸಾಮಾಜಿಕ ಜಾಲತಾಣಗಳಲ್ಲಿ ಹಾಕುವ ಪೋಸ್ಟ್‌ಗಳಿಗೂ ಅದು ಅನ್ವಯಿಸುತ್ತದೆ. ಎರಡೂ ಕಾನೂನುಗಳ ವ್ಯಾಪ್ತಿ ಜಾಹೀರಾತಿಗಷ್ಟೇ. ಮದುವೆ ಆಲ್ಬಮ್ಮಿಗೂ ಪ್ರೊಫೈಲ್ ಫೋಟೊಗೂ ಇಂಥ ಗುರುತು ಬೇಕಿಲ್ಲ. ಅಲ್ಲಿ ಕಂಬ, ಬಳೆ, ನೆರಳುಗಳನ್ನೇ ಕೇಳಿ ನೋಡಬೇಕು.