ನಿಮಗಿದು ಗೊತ್ತೆ? ಕಂಬಳಿ ತೂಗಬೇಕಾದ್ದು ಬೆನ್ನ ಹಿಂದೆ
ಮನೆಯಲ್ಲೇ ವಾಯ್ಸ್‌ಓವರ್ ಮಾಡುವ ಹಲವರು ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದರೊಳಗೆ ಮುಖ ಮಾಡಿ ಮಾತಾಡುತ್ತಾರೆ. ಬಟ್ಟೆ ದನಿಯನ್ನು ಹೀರುತ್ತದೆ, ನಿಜ. ಆದರೆ ಕಾರ್ಡಿಯಾಯ್ಡ್ ಮೈಕ್ ಹೆಚ್ಚು ಕೇಳಿಸಿಕೊಳ್ಳುವುದು ತನ್ನ ಮುಂದಿನಿಂದ. ಅಂದರೆ ನಿಮ್ಮ ಮಾತಿನ ಜತೆಗೆ, ಬೆನ್ನ ಹಿಂದಿನ ಬರಿಗೋಡೆಯಿಂದ ಮರಳುವ ಸದ್ದನ್ನೂ. ಹಾಗಾಗಿ ಅಲ್ಲಿ ದಪ್ಪ ಕಂಬಳಿಯೊಂದನ್ನು ಗೋಡೆಯಿಂದ ಗೇಣಷ್ಟು ಬಿಟ್ಟು ತೂಗುಹಾಕಿ. ಬಾಯಿಗೂ ಮೈಕಿಗೂ 15–20 ಸೆಂ.ಮೀ. ಅಂತರ ಸಾಕು. ಅಂತರ ಅರ್ಧಕ್ಕಿಳಿದರೆ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಕೋಣೆಯ ಗದ್ದಲ ಇದ್ದಷ್ಟೇ ಇರುತ್ತದೆ. ಪರೀಕ್ಷೆಗೆ ಚಪ್ಪಾಳೆ ತಟ್ಟಿ: ಸದ್ದಿಗೆ ಬಾಲ ಉಳಿದರೆ ಇನ್ನೊಂದು ಕಂಬಳಿ ಬೇಕು. ರಸ್ತೆಯ ಬಸ್ಸಿನ ಗುಡುಗನ್ನು ಮಾತ್ರ ಯಾವ ಕಂಬಳಿಯೂ ತಡೆಯದು. ಅದಕ್ಕೆ ನಡುರಾತ್ರಿಯ ರೆಕಾರ್ಡಿಂಗೇ ಗತಿ.